ಟೋಪಿ ಇದ್ದರೆ ಸೆಲ್ಯೂಟು

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕರೆ ನಾನು ಕಿಟಕಿಯಾಚೆಯ ಮೆಕ್ಕೆಜೋಳ, ಅಡಿಕೆ ನೋಡುವುದಿಲ್ಲ. ಡ್ರೈವರನ ಬಲಗೈ ನೋಡುತ್ತೇನೆ. ಎದುರಿಗೆ ಸರ್ಕಾರಿ ಬಸ್ಸು ಬಂದರೆ ಅಂಗೈ ಪೂರ್ತಿ ಮೇಲೇಳುತ್ತದೆ. ಖಾಸಗಿ ಬಸ್ಸಾದರೆ ಅಂಗೈ ಸ್ಟಿಯರಿಂಗ್ ಮೇಲೆಯೇ ಇದ್ದು ನಾಲ್ಕು ಬೆರಳು ಮಾತ್ರ ಏಳುತ್ತವೆ. ಅಂಗಡಿ ಕಟ್ಟೆಯ ಮೇಲೆ ಕೂತ ಪರಿಚಯದ ಹಿರಿಯರಿಗೆ ಹಾರ್ನಿನ ಒಂದು ಚೂರು ಸಲ್ಲುತ್ತದೆ. ಬೈಕಿನವರು ಗದ್ದ ಎತ್ತುತ್ತಾರೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತವರು ಹುಬ್ಬಿನಲ್ಲೇ ಕೆಲಸ ಮುಗಿಸುತ್ತಾರೆ. ಯಾರು ಮೊದಲು, ಯಾರು ಆಮೇಲೆ, ಎಷ್ಟು ಹೊತ್ತು ಎಂದು ಎಲ್ಲೂ ಬರೆದಿಲ್ಲ. ಬಾಯಿಮಾತಿನದೂ ಹಾಗೆಯೇ. ಬೆಳಿಗ್ಗೆ ಹನ್ನೊಂದಕ್ಕೂ ‘ಊಟ ಆತಾ?’, ಸಂಜೆ ನಾಲ್ಕಕ್ಕೂ ‘ಊಟ ಆತಾ?’. ಆಗಿಲ್ಲ ಎಂದರೆ ಬಡಿಸುವ ಉದ್ದೇಶ ಕೇಳಿದವರಿಗೂ ಇರುವುದಿಲ್ಲ, ಆ ಭ್ರಮೆ ಹೇಳಿದವರಿಗೂ ಇರುವುದಿಲ್ಲ.

ಇಂಥ ಸಡಿಲ ಸೀಮೆಯ ನಡುವೆ ಒಂದೇ ಒಂದು ನಮಸ್ಕಾರಕ್ಕೆ ಮಾತ್ರ ಅಳತೆಯಿದೆ, ಕೋನವಿದೆ, ತಪ್ಪಿದರೆ ಶಿಕ್ಷೆಯೂ ಇದೆ. ಅದು ಖಾಕಿಯವರ ಸೆಲ್ಯೂಟು.

ನಮ್ಮ ದೊಡ್ಡಪ್ಪ ಶಿವಮೊಗ್ಗದ ಹತ್ತಿರ ಮಾಚೇನಹಳ್ಳಿಯ ಕೆಎಸ್‌ಆರ್‌ಪಿ ಪಡೆಯಲ್ಲಿದ್ದವರು. ನಿವೃತ್ತಿಯಾದ ಮೇಲೆ ಸೊರಬದ ಪಕ್ಕದ ಹಳ್ಳಿಯಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಗೊನೆ ಇಳಿಸಲು ಬಂದವರು ಇವತ್ತಿಗೂ ಅವರ ಎದುರು ಸಾಲಾಗಿಯೇ ನಿಲ್ಲುತ್ತಾರೆ. ಕಲಿಸಿದ್ದಲ್ಲ, ಆ ದನಿಗೆ ಕಾಲು ತಾನೇ ಸಾಲು ಹಿಡಿಯುತ್ತದೆ. ಅವರ ಮೊಮ್ಮಗ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ. ಮೊದಲ ವಾರದ ಹುರುಪಿನಲ್ಲಿ ಬನಿಯನ್ನು, ಚಡ್ಡಿ ತೊಟ್ಟು ಅಂಗಳಕ್ಕೆ ಬಂದು ಅಜ್ಜನೆದುರು ಪಟ್ಟೆಂದು ಸೆಲ್ಯೂಟ್ ಹೊಡೆದ. ನಾವೆಲ್ಲ ಚಪ್ಪಾಳೆ ತಟ್ಟಲು ಕೈ ಜೋಡಿಸಿದ್ದೆವು. ದೊಡ್ಡಪ್ಪ ಹುಡುಗನ ತಲೆ ನೋಡಿದರು.

‘ಟೋಪಿ ಎಲ್ಲೋ?’

‘ಮನೇಲಿ ಯಾಕಜ್ಜ ಟೋಪಿ?’

‘ಹಂಗಾರೆ ಕೈ ಯಾಕ್ ಎತ್ತಿದೆ? ಇಳ್ಸು.’

ಇದು ನಮ್ಮ ಸೇನೆಯ, ಪೊಲೀಸಿನ ಸೆಲ್ಯೂಟಿನ ಮೊದಲ ಪಾಠ. ಹೊರಗಿನವರಾದ ನಮಗೆ ಕೈ ಮುಖ್ಯವೆಂದು ಕಾಣುತ್ತದೆ, ಒಳಗಿನವರಿಗೆ ತಲೆ ಮುಖ್ಯ. ತಲೆಯ ಮೇಲೆ ಟೋಪಿ ಇಲ್ಲದಿದ್ದರೆ ಕೈ ಎತ್ತುವ ಹಕ್ಕಿಲ್ಲ. ಬರಿತಲೆಯಲ್ಲಿದ್ದಾಗ ಮೇಲಧಿಕಾರಿ ಬಂದರೆ ‘ಸಾವಧಾನ್’ ಸ್ಥಿತಿಯಲ್ಲಿ ನಿಲ್ಲಬೇಕು: ಹಿಮ್ಮಡಿ ಕೂಡಿಸಿ, ಮುಷ್ಟಿ ಬಿಗಿದು, ಹೆಬ್ಬೆರಳು ಪ್ಯಾಂಟಿನ ಹೊಲಿಗೆಗೆ ನೇರ ಇಟ್ಟು, ಎದುರಿಗೆ ನೋಡುತ್ತ. ಮಫ್ತಿಯಲ್ಲಿದ್ದರೂ ಅಷ್ಟೇ. ಹಾಗಾಗಿ ಠಾಣೆಯಲ್ಲಿ ಕೂತು ಬರೆಯುತ್ತಿದ್ದ ಪೇದೆಗೆ ಹೊರಗೆ ಜೀಪಿನ ಬಾಗಿಲು ಮುಚ್ಚಿದ ಸದ್ದು ಕೇಳಿದರೆ ಎರಡು ದಾರಿ. ಗೂಟದ ಮೇಲಿನ ಟೋಪಿ ಕೈಗೆಟುಕಿದರೆ ಹಾಕಿಕೊಂಡು ಸೆಲ್ಯೂಟು. ಎಟುಕದಿದ್ದರೆ ಎದ್ದು ನೆಟ್ಟಗೆ ನಿಲ್ಲುವುದು. ಮೂರನೆಯ ದಾರಿ, ಒಂದು ಕೈಯಲ್ಲಿ ಟೋಪಿ ಹುಡುಕುತ್ತ ಇನ್ನೊಂದು ಕೈಯಲ್ಲಿ ಸೆಲ್ಯೂಟ್ ಹೊಡೆಯುವುದು, ಸಿನಿಮಾದ ಹಾಸ್ಯನಟರಿಗೆ ಮಾತ್ರ.

ಮೊಮ್ಮಗ ಒಳಗೆ ಹೋಗಿ ಎನ್‌ಸಿಸಿ ಟೋಪಿ ಹಾಕಿಕೊಂಡು ಬಂದ. ಚಡ್ಡಿ ಬದಲಾಗಿರಲಿಲ್ಲ. ದೊಡ್ಡಪ್ಪ ಅದೊಂದನ್ನು ಮನ್ನಿಸಿ ಅಡಿಕೆ ಒಣಗಿಸುವ ಅಂಗಳದಲ್ಲೇ ಪಾಠಕ್ಕೆ ನಿಂತರು. ಬಲಗೈ ದೇಹದ ಪಕ್ಕದಿಂದ ಸೀದಾ ಹಣೆಗೆ ಹೋಗುವಂತಿಲ್ಲ. ಮೊದಲು ಪಕ್ಕಕ್ಕೆ ಭುಜದ ಮಟ್ಟಕ್ಕೆ ಏಳಬೇಕು, ಆಮೇಲೆ ಮೊಣಕೈ ಮಡಚಿ ತೋರುಬೆರಳ ತುದಿ ಬಲಗಣ್ಣಿನ ಮೇಲ್ಗಡೆ ಬರಬೇಕು. ತೋಳಿನ ಮೇಲುಭಾಗ ನೆಲಕ್ಕೆ ಸಮಾನಾಂತರ, ಮಣಿಕಟ್ಟು ನೆಟ್ಟಗೆ, ಅಂಗೈ ಪೂರ್ತಿ ಎದುರಿನವರಿಗೆ ಕಾಣುವ ಹಾಗೆ, ಐದೂ ಬೆರಳು ಕೂಡಿಸಿ. ಇಳಿಸುವಾಗ ಮಾತ್ರ ಬಂದ ದಾರಿ ಬಿಟ್ಟು ಮುಂದಿನಿಂದ ಹತ್ತಿರದ ದಾರಿಯಲ್ಲಿ ಕೆಳಗೆ. ಹತ್ತುವಾಗ ಉದ್ದ ದಾರಿ, ಇಳಿಯುವಾಗ ಗಿಡ್ಡ ದಾರಿ. ನಡುವೆ ಎಷ್ಟು ಹೊತ್ತು ನಿಲ್ಲಬೇಕೆಂಬುದಕ್ಕೆ ಗಡಿಯಾರ ಬೇಡ. ಬಾಯಲ್ಲಿ ‘ಏಕ್, ದೋ-ತೀನ್, ಏಕ್’ ಎಂದರೆ ಆಯಿತು. ನಮ್ಮ ಕಡೆಯ ಎಷ್ಟೋ ಹುಡುಗರ ಹಿಂದಿ ಶುರುವಾಗುವುದು ಇಲ್ಲಿಂದಲೇ, ಎಷ್ಟೋ ಜನರದು ಅಲ್ಲಿಗೇ ಮುಗಿಯುವುದೂ ಉಂಟು.

ತಪ್ಪುಗಳ ಪಟ್ಟಿ ದೊಡ್ಡಪ್ಪನ ಬಾಯಲ್ಲೇ ಇತ್ತು. ಹೊಸಬರ ಹೆಬ್ಬೆರಳು ಬೇರೆಯಾಗಿ ನಿಲ್ಲುತ್ತದೆ. ದಪ್ಪಗಿದ್ದವರ ಮೊಣಕೈ ಜೋತು ಬೀಳುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ತಲೆಯದು: ಕೈ ತಲೆಯ ಬಳಿಗೆ ಬರಬೇಕಾದಲ್ಲಿ ತಲೆಯೇ ಬಾಗಿ ಕೈಯ ಬಳಿಗೆ ಹೋಗುತ್ತದೆ. ‘ಇದ್ ನಮ್ ಕಡೆಯೋರ್ ಕಾಯ್ಲೆ’ ಎಂದರು ದೊಡ್ಡಪ್ಪ. ಹುಟ್ಟಿದಾಗಿನಿಂದ ದೇವರಿಗೆ, ಹಿರಿಯರಿಗೆ, ಮೇಷ್ಟ್ರಿಗೆ ತಲೆ ಬಾಗಿಸಿ ಬಾಗಿಸಿ ಅಭ್ಯಾಸವಾದ ಕತ್ತು, ಗೌರವ ಎಂದ ಕೂಡಲೇ ತಾನಾಗಿ ಮುಂದಕ್ಕೆ ಬೀಳುತ್ತದಂತೆ. ತರಬೇತಿಯಲ್ಲಿ ಕೈಗೆ ಕಲಿಸಲು ಒಂದು ದಿನ ಸಾಕು, ಕತ್ತಿಗೆ ಕಲಿಸಲು ತಿಂಗಳುಗಟ್ಟಲೆ ಬೇಕು. ಕವಾಯತಿನಲ್ಲಿ ತಲೆ ತಗ್ಗಿಸಲು ಅಪ್ಪಣೆಯಿರುವ ಸಂದರ್ಭ ‘ಶೋಕ ಶಸ್ತ್ರ’. ಸರ್ಕಾರಿ ಗೌರವದ ಅಂತ್ಯಸಂಸ್ಕಾರದಲ್ಲಿ ಬಂದೂಕಿನ ನಳಿಗೆಯನ್ನು ಕೆಳಮುಖ ಮಾಡಿ, ಹಿಡಿಯ ಮೇಲೆ ಕೈಯಿಟ್ಟು ತಲೆ ತಗ್ಗಿಸುತ್ತಾರಲ್ಲ, ಅದು.

ಇದನ್ನೆಲ್ಲ ಕೇಳುತ್ತಿದ್ದಾಗ ಗೊನೆ ಇಳಿಸಲು ಬಂದವರೊಬ್ಬರು ಬೇಲಿಯ ಹತ್ತಿರ ನಿಂತಿದ್ದರು. ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡರು, ಎತ್ತಿ ಕಟ್ಟಿದ್ದ ಲುಂಗಿ ಇಳಿಸಿದರು, ಚಪ್ಪಲಿ ಅಲ್ಲೇ ಬಿಟ್ಟರು, ಆಮೇಲೆ ಅಂಗಳಕ್ಕೆ ಬಂದು ‘ನಮಸ್ಕಾರ ಸಾರ್’ ಎಂದರು. ನಮ್ಮ ಕಡೆಯ ಮರ್ಯಾದೆಯ ಕ್ರಮ ಪೂರ್ತಿ ಇದರಲ್ಲಿದೆ. ತಲೆಯ ಮೇಲಿನದು ಇಳಿಯಬೇಕು, ಕಾಲಿನದು ಕಳಚಬೇಕು. ಅದೇ ಪೊಲೀಸಿನವರಿಗೆ ತಲೆಯ ಮೇಲೆ ಟೋಪಿ ಏರಬೇಕು, ಕಾಲಲ್ಲಿ ಬೂಟು ಇದ್ದು ಅದು ಸದ್ದೂ ಮಾಡಬೇಕು. ನಾವು ಬಿಚ್ಚಿ ಗೌರವಿಸುವವರು, ಅವರು ತೊಟ್ಟು ಗೌರವಿಸುವವರು. ಒಂದೇ ಊರಿನ ಒಂದೇ ಮನೆಯಲ್ಲಿ ಹುಟ್ಟಿದ ಅಣ್ಣ ತಮ್ಮಂದಿರಲ್ಲಿ ಒಬ್ಬ ಪೊಲೀಸಾಗಿ ಇನ್ನೊಬ್ಬ ಗದ್ದೆಯಲ್ಲಿ ಉಳಿದರೆ, ಒಬ್ಬನ ಮರ್ಯಾದೆ ಇನ್ನೊಬ್ಬನ ಲೆಕ್ಕದಲ್ಲಿ ಉದ್ಧಟತನವಾಗುತ್ತದೆ.

ತಮಾಷೆಯೆಂದರೆ ಸೆಲ್ಯೂಟೂ ಮೂಲದಲ್ಲಿ ಬಿಚ್ಚುವ ಗೌರವವೇ. ಯುರೋಪಿನ ಕುದುರೆ ಸವಾರರು ಮುಖಕವಚ ಎತ್ತಿ ಗುರುತು ತೋರಿಸುತ್ತಿದ್ದರು, ಅದರಿಂದ ಸೆಲ್ಯೂಟ್ ಬಂತು ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ. ಕಥೆ ಚೆನ್ನಾಗಿದೆ, ಅಷ್ಟೇ. ಅದಕ್ಕಿಂತ ನಂಬಬಹುದಾದದ್ದು ಟೋಪಿಯ ಕಥೆ. ಬ್ರಿಟಿಷ್ ಸೈನಿಕರು ಅಧಿಕಾರಿ ಎದುರಾದಾಗ ಟೋಪಿ ತೆಗೆದು ವಂದಿಸುತ್ತಿದ್ದರು. ದಿನವಿಡೀ ತೆಗೆದು ಹಾಕಿ ಟೋಪಿಗಳು ಬೇಗ ಹಾಳಾಗುತ್ತಿದ್ದವು. 1745ರಲ್ಲಿ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ಎಂಬ ಪಡೆ ಒಂದು ಆದೇಶ ಹೊರಡಿಸಿತು: ಇನ್ನು ಟೋಪಿ ತೆಗೆಯಬೇಡಿ, ಕೈಯನ್ನು ಟೋಪಿಗೆ ಮುಟ್ಟಿಸಿ ಬಾಗಿ ಮುಂದೆ ಹೋಗಿ. ತೆಗೆಯಲು ಹೊರಟ ಕೈ ಟೋಪಿಯ ಅಂಚಿನಲ್ಲೇ ನಿಂತಿತು. ಬಾಗುವುದೂ ಆಮೇಲೆ ಬಿಟ್ಟುಹೋಯಿತು. ಟೋಪಿ ತೆಗೆಯುವ ಕ್ರಿಯೆಯ ಮೊದಲರ್ಧವೇ ಇವತ್ತಿನ ಸೆಲ್ಯೂಟು. ತಲೆಯ ಮೇಲೆ ತೆಗೆಯುವಂಥದ್ದು ಏನೂ ಇಲ್ಲದಿದ್ದರೆ ಕೈ ಎತ್ತಿ ಮಾಡುವುದೇನು? ಮೊಮ್ಮಗನಿಗೆ ಅಜ್ಜ ಹೇಳದೆ ಬಿಟ್ಟ ಕಾರಣ ಇದು. ಬೇಲಿಯ ಹತ್ತಿರ ಟವೆಲು ಬಿಚ್ಚಿದವರಿಗೂ ಲಂಡನ್ನಿನ ಆ ಕಾವಲುಗಾರರಿಗೂ ಹಾಗಾದರೆ ದೂರದ ನೆಂಟಸ್ತಿಕೆಯಿದೆ. ಇವರು ಕೆಲಸ ಮುಗಿಸುತ್ತಾರೆ, ಅವರು ಅರ್ಧಕ್ಕೆ ನಿಲ್ಲಿಸಿದರು.

ಅದೇ ಕೈ ಬೇರೆ ಬೇರೆ ಕೆಲಸದಲ್ಲಿ ಬೇರೆ ಬೇರೆ ಕೋನ ಹಿಡಿಯಿತು. ನಮ್ಮ ಭೂಸೇನೆ ಮತ್ತು ಪೊಲೀಸರ ಅಂಗೈ ಎದುರಿಗೆ ಕಾಣುತ್ತದೆ. ನೌಕಾಪಡೆಯವರ ಅಂಗೈ ನೆಲ ನೋಡುತ್ತದೆ. ಹಡಗಿನಲ್ಲಿ ಡಾಂಬರು, ಗ್ರೀಸು ಹಚ್ಚಿ ಮಲಿನವಾದ ಕೈಯನ್ನು ಅಧಿಕಾರಿಯ ಮುಖಕ್ಕೆ ಹಿಡಿಯಬಾರದೆಂಬ ಸಂಕೋಚ ಅದಕ್ಕೆ ಕಾರಣವೆಂದು ಹೇಳುತ್ತಾರೆ. ವಾಯುಪಡೆಯವರು ಮೊದಲು ಭೂಸೇನೆಯಂತೆಯೇ ಹೊಡೆಯುತ್ತಿದ್ದು, 2006ರಲ್ಲಿ ಎರಡರ ನಡುವಿನ 45 ಡಿಗ್ರಿಗೆ ಬಂದು ನಿಂತರು. ಅಡಿಕೆ ಸುಲಿದು ಕಪ್ಪಾದ ಕೈಯವರು ಇರುವ ನಮ್ಮ ಊರಿಗೆ ನೌಕಾಪಡೆಯದೇ ಸರಿ ಎಂದು ನನ್ನ ಅಭಿಪ್ರಾಯ, ಸಮುದ್ರ ಇಲ್ಲದಿದ್ದರೂ.

ಕೈಮುಗಿಯುವುದನ್ನು ಬಿಟ್ಟು ಈ ಒಂಟಿಕೈ ಯಾಕೆ ಎಂದು ಕೇಳುವವರಿಗೆ ವೀರಗಲ್ಲು ತೋರಿಸಬಹುದು. ಸೊರಬ, ಶಿಕಾರಿಪುರ ಸೀಮೆಯಲ್ಲಿ ಅದಕ್ಕೇನೂ ಬರವಿಲ್ಲ. ಮೂರು ಹಂತದ ಕಲ್ಲಿನಲ್ಲಿ ಕೆಳಗೆ ಯುದ್ಧ: ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ. ನಡುವೆ ಅಪ್ಸರೆಯರು ಸತ್ತವನನ್ನು ಹೊತ್ತೊಯ್ಯುತ್ತಾರೆ. ಮೇಲೆ ಲಿಂಗದೆದುರು ಅವನು ಕೈಮುಗಿದು ಕೂತಿದ್ದಾನೆ, ಆಯುಧ ಇಲ್ಲ. ಎರಡೂ ಕೈ ಖಾಲಿಯಾಗಬೇಕಾದರೆ ಅವನು ಸಾಯಬೇಕಾಯಿತು. ಕರ್ತವ್ಯದ ಮೇಲಿರುವವನಿಗೆ ಆ ಸೌಲಭ್ಯವಿಲ್ಲ. ಎಡಗೈ ಲಾಠಿಗೋ ಫೈಲಿಗೋ ಬೇಕು, ಬಲಗೈ ಮಾತ್ರ ಒಂದು ಕ್ಷಣಕ್ಕೆ ಸಿಗುತ್ತದೆ. ಬಂದೂಕು ಹಿಡಿದಿದ್ದರೆ ಅದೂ ಸಿಗುವುದಿಲ್ಲ. ಆಗ ‘ಸಲಾಮಿ ಶಸ್ತ್ರ’, ಎಂದರೆ ಬಂದೂಕನ್ನೇ ಎದೆಯ ಮುಂದೆ ನೆಟ್ಟಗೆ ಹಿಡಿದು ಅದರಿಂದಲೇ ವಂದಿಸುವುದು. ದೊಡ್ಡಪ್ಪನ ಕಾಲದಲ್ಲಿ ಸೈಕಲ್ಲಿನಲ್ಲಿ ಹೋಗುವ ಪೇದೆಗೂ ನಿಯಮವಿತ್ತಂತೆ. ಹ್ಯಾಂಡಲಿನಿಂದ ಕೈ ಬಿಡಬಾರದು, ನೆಟ್ಟಗೆ ಕೂತು ಮುಖ ಮಾತ್ರ ಅಧಿಕಾರಿಯ ಕಡೆ ತಿರುಗಿಸಬೇಕು. ನಡೆದು ಹೋಗುವವನಾದರೆ ಅಧಿಕಾರಿ ಮೂರು ಹೆಜ್ಜೆ ದೂರವಿರುವಾಗಲೇ ಕೈ ಏಳಬೇಕು. ದಾಟಿದ ಮೇಲೆ ಎತ್ತಿದರೆ ಬೆನ್ನಿಗೆ ನಮಸ್ಕಾರ.

ಸಿಪಾಯಿಗಳ ನಡವಳಿಕೆ ನಮ್ಮ ಸೀಮೆಗೆ ಹೊಸ ವಿಷಯವೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಹೇಳುವಂತೆ, ಇಲ್ಲಿಂದ ಓದಲು ಕಂಚಿಗೆ ಹೋದ ಮಯೂರಶರ್ಮನಿಗೂ ಅಲ್ಲಿನ ಪಲ್ಲವರ ಕುದುರೆ ಸವಾರನಿಗೂ ಜಗಳವಾಯಿತು. ಅದರ ಸಿಟ್ಟಿನಲ್ಲಿ ದರ್ಭೆ ಹಿಡಿಯುವ ಕೈ ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿತು. ಜಗಳದ ಕಾರಣವನ್ನು ಶಾಸನದ ಕವಿ ಕುಬ್ಜ ವಿವರಿಸುವುದಿಲ್ಲ. ಯಾರು ಯಾರಿಗೆ ಮೊದಲು ನಮಸ್ಕಾರ ಹೇಳಬೇಕಿತ್ತು ಎಂಬುದೇ ಇರಬೇಕೆಂದು ನಾನು ಸುಮ್ಮನೆ ಅಂದುಕೊಳ್ಳುತ್ತೇನೆ.

ಯಾರು ಮೊದಲು ಎಂಬುದಕ್ಕೆ ಖಾಕಿಯಲ್ಲಿ ಗೊಂದಲವೇ ಇಲ್ಲ. ಕಿರಿಯ ಹುದ್ದೆಯವರು ಮೊದಲು ಹೊಡೆಯಬೇಕು, ಹಿರಿಯರು ತಪ್ಪದೆ ತಿರುಗಿ ಕೊಡಬೇಕು. ವಯಸ್ಸು ಲೆಕ್ಕಕ್ಕಿಲ್ಲ. ಐವತ್ತೈದರ ಎಎಸ್‌ಐ ನಿನ್ನೆ ಬಂದ ಇಪ್ಪತ್ತಾರರ ಎಎಸ್‌ಪಿ ಹುಡುಗಿಗೆ ಹೊಡೆಯುತ್ತಾರೆ. ಆ ಹುಡುಗಿ ಮನೆಗೆ ಬಂದಿದ್ದರೆ ಅವರ ಕಾಲಿಗೆ ನಮಸ್ಕಾರ ಮಾಡುತ್ತಿದ್ದಳೇನೋ. ಗುರುತು ಹೆಗಲ ಮೇಲಿದೆ. ಶಿಕಾರಿಪುರದಲ್ಲಿ ಡಿವೈಎಸ್‌ಪಿ ಕಚೇರಿ ಇರುವುದರಿಂದ ಅಲ್ಲಿನ ಹೊಸ ಪೇದೆಗೆ ಒಂದು ಸೂಕ್ಷ್ಮ ಬೇಗ ತಿಳಿಯುತ್ತದೆ. ಇನ್‌ಸ್ಪೆಕ್ಟರಿಗೂ ಮೂರು ನಕ್ಷತ್ರ, ಡಿವೈಎಸ್‌ಪಿಗೂ ಮೂರು ನಕ್ಷತ್ರ. ಇನ್‌ಸ್ಪೆಕ್ಟರ ಹೆಗಲ ತುದಿಯಲ್ಲಿ ಕೆಂಪು-ನೀಲಿ ಪಟ್ಟಿ ಇರುತ್ತದೆ, ಡಿವೈಎಸ್‌ಪಿಯವರಿಗೆ ಅದಿಲ್ಲ. ಪಟ್ಟಿ ಇಲ್ಲದವರೇ ದೊಡ್ಡವರು.

ಸೆಲ್ಯೂಟು ಹೆಗಲಿಗೆ, ಮನುಷ್ಯನಿಗಲ್ಲ ಎಂಬುದನ್ನು ಈ ಎರಡು ತಾಲ್ಲೂಕಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದೊಂದು ತಾಲ್ಲೂಕು ಒಬ್ಬೊಬ್ಬ ಮುಖ್ಯಮಂತ್ರಿಯನ್ನು ಕೊಟ್ಟಿದೆ. ಸೊರಬದ ಕುಬಟೂರಿನ ಬಂಗಾರಪ್ಪನವರು 1990ರಿಂದ 1992ರವರೆಗೆ ಆ ಕುರ್ಚಿಯಲ್ಲಿದ್ದರು. ಶಿಕಾರಿಪುರದ ಯಡಿಯೂರಪ್ಪನವರು ನಾಲ್ಕು ಸಲ ಪ್ರಮಾಣವಚನ ಸ್ವೀಕರಿಸಿದರು, ಒಮ್ಮೆಯೂ ಐದು ವರ್ಷ ಪೂರೈಸಲಿಲ್ಲ. ಕುರ್ಚಿ ಇದ್ದಾಗ ಪೊಲೀಸ್ ತುಕಡಿ ಸಾಲಾಗಿ ನಿಂತು ಗೌರವ ವಂದನೆ ಕೊಡುತ್ತದೆ, ರಾಜೀನಾಮೆ ಕೊಟ್ಟ ಮರುದಿನ ಅದೇ ತುಕಡಿ ಬೇರೆಯವರ ಎದುರು ಅದೇ ಕೋನದಲ್ಲಿ ನಿಲ್ಲುತ್ತದೆ. ಅದರಲ್ಲಿ ಕೃತಘ್ನತೆಯೇನಿಲ್ಲ. ಕಟ್ಟೆಯ ಮೇಲಿನ ಹಿರಿಯರು ಮಾತ್ರ ಕುರ್ಚಿ ಇದ್ದರೂ ಹೋದರೂ ಅದೇ ನಮಸ್ಕಾರ ಹೇಳುತ್ತಾರೆ, ಮನಸ್ಸಿಲ್ಲದಿದ್ದರೆ ಎರಡೂ ಕಾಲದಲ್ಲಿ ಮುಖ ತಿರುಗಿಸುತ್ತಾರೆ. 2021ರಲ್ಲಿ ಯಡಿಯೂರಪ್ಪನವರ ನಂತರ ಬಂದ ಬಸವರಾಜ ಬೊಮ್ಮಾಯಿಯವರು ವಿಮಾನ ನಿಲ್ದಾಣದಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ ತಮಗೆ ಗೌರವ ವಂದನೆ ಬೇಡ ಎಂದರು. ಬಿಸಿಲಿನಲ್ಲಿ ನಿಲ್ಲುವ ಪೇದೆಗಳ ಮಟ್ಟಿಗೆ ಅದು ಒಳ್ಳೆಯ ಆಡಳಿತ ಸುಧಾರಣೆ.

ಟೋಪಿಯ ಮಾತಿಗೆ ತಿರುಗಿ ಬರಬೇಕು, ಏಕೆಂದರೆ ಶಿಕಾರಿಪುರ ತಾಲ್ಲೂಕಿನಲ್ಲಿ ಟೋಪಿ ನಗೆಯ ವಿಷಯವಾಗದ ಒಂದು ಊರಿದೆ. 1942ರ ಸೆಪ್ಟೆಂಬರಿನಲ್ಲಿ ಈಸೂರಿನವರು ತಮ್ಮ ಊರು ಸ್ವತಂತ್ರ ಎಂದು ಸಾರಿ ತಮ್ಮದೇ ಸರ್ಕಾರ ಮಾಡಿಕೊಂಡರು. ಜಯಣ್ಣ ಎಂಬ ಹುಡುಗನನ್ನು ಅಮಲ್ದಾರ, ಮಲ್ಲಪ್ಪ ಎಂಬ ಹುಡುಗನನ್ನು ಸಬ್‌ಇನ್‌ಸ್ಪೆಕ್ಟರ್ ಮಾಡಿದರು; ದೊಡ್ಡವರಾದರೆ ಪೊಲೀಸರು ಹಿಡಿದೊಯ್ಯುತ್ತಾರೆ, ಚಿಕ್ಕವರಾದರೆ ಕಷ್ಟ ಎಂಬ ಲೆಕ್ಕ. ಆಮೇಲೆ ನಿಜವಾದ ಅಮಲ್ದಾರರು, ಸಬ್‌ಇನ್‌ಸ್ಪೆಕ್ಟರು ಪೊಲೀಸರೊಂದಿಗೆ ಬಂದರು. ಊರೊಳಗೆ ಬರುವ ಅಧಿಕಾರಿ ಗಾಂಧಿ ಟೋಪಿ ಹಾಕಿಕೊಳ್ಳಬೇಕೆಂದು ಜನ ಪಟ್ಟು ಹಿಡಿದರು. ಮಾತು ಬೆಳೆದು ಲಾಠಿ, ಗುಂಡಿನವರೆಗೆ ಹೋಯಿತು. ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರೂ ಕೊಲೆಯಾದರು. ಊರು ಅದಕ್ಕೆ ದೊಡ್ಡ ಬೆಲೆ ತೆತ್ತಿತು. 1943ರ ಮಾರ್ಚಿನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಲಾಯಿತು. ಯಾವ ಟೋಪಿ ತಲೆಯ ಮೇಲಿದೆ ಎಂಬುದರಿಂದ ಆ ತಲೆ ಯಾರ ಅಧಿಕಾರಕ್ಕೆ ಸೇರಿದ್ದೆಂದು ತಿಳಿಯುತ್ತದೆ ಎಂಬುದು ಆ ರೈತರಿಗೆ ಯಾವ ಡ್ರಿಲ್ ಪುಸ್ತಕ ಓದದೆಯೂ ಗೊತ್ತಿತ್ತು. ಆ ಟೋಪಿಯನ್ನು ಹಾಕಿಕೊಂಡರೆ ಏನನ್ನು ಒಪ್ಪಿದಂತೆ ಎಂಬುದು ಅಧಿಕಾರಿಗಳಿಗೂ ಗೊತ್ತಿತ್ತು.

ಈಗ ಅದೇ ತಾಲ್ಲೂಕಿನ ತಹಶೀಲ್ದಾರರು ಆಗಸ್ಟ್ 15ರಂದು ಬಾವುಟ ಹಾರಿಸಿ ಗೌರವ ವಂದನೆ ಸ್ವೀಕರಿಸುತ್ತಾರೆ. ಮೈದಾನದಲ್ಲಿ ಆ ಹತ್ತು ನಿಮಿಷ ಎಲ್ಲ ಬಗೆಯ ಕೈಗಳನ್ನೂ ನೋಡಬಹುದು. ಪೊಲೀಸರ ಕೈ ಸರಿಯಾಗಿರುತ್ತದೆ. ಎನ್‌ಸಿಸಿಯವರದು ಮುಕ್ಕಾಲು ಪಾಲು ಸರಿ. ಸ್ಕೌಟ್ಸ್‌ ಮಕ್ಕಳು ಮೂರೇ ಬೆರಳು ಎತ್ತಿ ಕಿರುಬೆರಳನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿರುತ್ತಾರೆ. ಅದು ಅವರ ನಿಯಮ, ಬೆರಳು ಕಡಿಮೆಯಾದದ್ದಲ್ಲ. ಗೊಂದಲ ಇರುವುದು ವೇದಿಕೆಯ ಮೇಲೆ. ಒಬ್ಬ ಸದಸ್ಯರು ಕೈಮುಗಿದಿರುತ್ತಾರೆ, ಪಕ್ಕದವರು ಬರಿತಲೆಗೆ ಸೆಲ್ಯೂಟ್ ಹೊಡೆದಿರುತ್ತಾರೆ. ಮೂರನೆಯವರ ಕೈ ಅವರನ್ನೂ ಇವರನ್ನೂ ನೋಡಿ ಹೊಟ್ಟೆಯ ಮಟ್ಟದಲ್ಲಿ ನಿಂತಿರುತ್ತದೆ.

ದೆಹಲಿಯಲ್ಲೂ ಇದೇ ಆಗಿದೆ. 2015ರ ಗಣರಾಜ್ಯೋತ್ಸವದಲ್ಲಿ ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ವಂದನೆ ಸ್ವೀಕರಿಸುವಾಗ ಪ್ರಧಾನಿಯವರೂ ರಕ್ಷಣಾ ಸಚಿವರೂ ಕೈ ಎತ್ತಿದ್ದರು, ಉಪರಾಷ್ಟ್ರಪತಿ ಹಮೀದ್ ಅನ್ಸಾರಿಯವರು ಸುಮ್ಮನೆ ನೆಟ್ಟಗೆ ನಿಂತಿದ್ದರು. ಫೋಟೊ ನೋಡಿದವರು ಅನ್ಸಾರಿಯವರಿಗೆ ದೇಶಭಕ್ತಿಯ ಪಾಠ ಹೇಳಿದರು. ನಿಯಮದ ಪ್ರಕಾರ ಸರಿಯಾಗಿ ನಿಂತಿದ್ದವರು ಅವರೇ ಎಂದು ಉಪರಾಷ್ಟ್ರಪತಿ ಕಚೇರಿ ವಿವರಿಸಬೇಕಾಯಿತು. 2002ರಿಂದ ಜಾರಿಯಲ್ಲಿರುವ ಧ್ವಜ ಸಂಹಿತೆ ಇದನ್ನು ಸರಳವಾಗಿ ಹೇಳಿದೆ. ಬಾವುಟ ಏರುವಾಗ, ಇಳಿಯುವಾಗ, ಮೆರವಣಿಗೆಯಲ್ಲಿ ಹಾದು ಹೋಗುವಾಗ ಎಲ್ಲರೂ ಅದರ ಕಡೆ ಮುಖ ಮಾಡಿ ಸಾವಧಾನದಲ್ಲಿ ನಿಲ್ಲಬೇಕು. ಸಮವಸ್ತ್ರದಲ್ಲಿರುವವರು ತಮ್ಮ ಕ್ರಮದಂತೆ ಸೆಲ್ಯೂಟ್ ಮಾಡಬೇಕು. ವಂದನೆ ಸ್ವೀಕರಿಸುವ ಗಣ್ಯರಿಗೆ ಮಾತ್ರ ಟೋಪಿ ಇಲ್ಲದೆ ಇರಲು ರಿಯಾಯಿತಿ.

ಪೇದೆಗಳ ಟೋಪಿಯೂ ಈಚೆಗೆ ಬದಲಾಗಿದೆ. ಒಂದು ಪಕ್ಕ ಮಡಚಿದ ಆ ಅಗಲ ಅಂಚಿನ ಹ್ಯಾಟು ಗಾಳಿಗೆ ಹಾರುತ್ತದೆ, ಮಳೆಗೆ ನೆನೆಯುತ್ತದೆ, ಓಡಿದರೆ ಬೀಳುತ್ತದೆ ಎಂದು ವರ್ಷಗಟ್ಟಲೆ ದೂರಿದ ಮೇಲೆ 2025ರ ಅಕ್ಟೋಬರಿನಲ್ಲಿ ಸರ್ಕಾರ ಕಡುನೀಲಿ ಪೀಕ್ ಕ್ಯಾಪ್ ಕೊಟ್ಟಿತು. ಮಲೆನಾಡಿನ ಮಳೆಯಲ್ಲಿ ಬಂದೋಬಸ್ತಿಗೆ ನಿಂತು ಬಂದ ದೊಡ್ಡಪ್ಪನಿಗೆ ಇದು ತಡವಾಗಿ ಬಂದ ನ್ಯಾಯವೆನಿಸಿತು. ಟೋಪಿ ಬದಲಾದರೂ ಕೈಯ ನಿಯಮ ಬದಲಾಗಿಲ್ಲ.

ಆದ್ದರಿಂದ ಬರುವ ಆಗಸ್ಟ್ 15ಕ್ಕೆ ಶಿಕಾರಿಪುರದ ಮೈದಾನಕ್ಕೋ ಸೊರಬದ ಮೈದಾನಕ್ಕೋ ಹೋದಾಗ, ನನ್ನಂತೆಯೇ ಖಾಕಿ ತೊಡದ ನಿಮ್ಮಲ್ಲಿ ಒಂದು ವಿನಂತಿ. ಬಾವುಟ ಏರುವಾಗ ಕೈ ಎತ್ತಲು ಹೋಗಬೇಡಿ. ಮೊಬೈಲು ಜೇಬಿಗೆ ಹಾಕಿ, ಎರಡೂ ಕೈ ಇಳಿಬಿಟ್ಟು, ಬಾವುಟದ ಕಡೆ ಮುಖ ಮಾಡಿ ನೆಟ್ಟಗೆ ನಿಲ್ಲಿ. ಕಾರ್ಯಕ್ರಮ ಮುಗಿದ ಮೇಲೆ ಗೇಟಿನ ಹತ್ತಿರ ನಿಂತ ಪೇದೆಯನ್ನು ‘ಊಟ ಆತಾ?’ ಎಂದು ಕೇಳಿ. ಬೆಳಿಗ್ಗೆ ಐದಕ್ಕೇ ಬಂದು ನಿಂತಿರುತ್ತಾರೆ, ಆಗಿರುವುದಿಲ್ಲ.